ಮಷಿನ್ ಯಾರದು, ಸಾಲ ಯಾರದು? | ಬಿಕಾಂ ಲೆಕ್ಕ ನಮ್ಮ ಭಾಷೆಯಾಗ – ಲೀಸ್

(1/5)
ನಮ್ಮ ಬೋನಾಳ, ಸುರಪುರ, ಶಹಾಪುರ ಕಡೆ ಕಾಲುವೆ ನೀರಿನ ಭತ್ತ ಕಟಾವಿಗೆ ಬಂತಂದ್ರ ಹಾರ್ವೆಸ್ಟರ್ ಬರ್ತದ. ಗಂಟೆಗೆ ಇಷ್ಟು ಅಂತ ಕೊಟ್ಟು ಕೊಯ್ಸಿ ಕಳಿಸ್ತೀವಿ. ಮಷಿನ್ ನಡುವೆ ಕೆಟ್ಟರೆ ರಿಪೇರಿ ಅದರ ಮಾಲೀಕರದು. ಮುಂದಿನ ವರ್ಷ ಅದಕ್ಕೆ ಕೆಲಸ ಸಿಗದಿದ್ದರೂ ಚಿಂತೆ ಅವರದೇ. ನಮಗೆ ಅದು ಬರೀ ಆ ಸುಗ್ಗಿಯ ಖರ್ಚು. ಅದರ ಸಾಲ ನಮ್ಮ ತಲೆ ಮೇಲೆ ಇಲ್ಲ.

ಈ ಮಾತು ತಲೆಯಲ್ಲಿಟ್ಟುಕೊಂಡು ಲೀಸ್ ಚಾಪ್ಟರ್ ಓದ್ರಿ. ಫೈನಾನ್ಸ್ ಲೀಸ್ ಮತ್ತು ಆಪರೇಟಿಂಗ್ ಲೀಸ್ ನಡುವಿನ ಇಡೀ ವ್ಯತ್ಯಾಸ ಇಷ್ಟೇ: ಮಷಿನ್‌ನ ಲಾಭ ಮತ್ತು ನಷ್ಟದ ಭಾರ ನಿಜವಾಗಿ ಯಾರ ಮೇಲೆ ಅದ? ಬಾಡಿಗೆಗೆ ಕೊಟ್ಟವರ ಮೇಲೇ ಉಳಿದರೆ ಆಪರೇಟಿಂಗ್. ಬಾಡಿಗೆಗೆ ತಗೊಂಡವರ ಮೇಲೆ ಬಹುಪಾಲು ಬಂದುಬಿಟ್ಟರೆ ಫೈನಾನ್ಸ್. ಕಾಗದದ ಮೇಲೆ ಮಾಲೀಕರ ಹೆಸರು ಯಾರದೇ ಇರಲಿ, ಅಗ್ರಿಮೆಂಟ್ ತಲೆಬರಹದಲ್ಲಿ ‘ರೆಂಟಲ್’ ಅಂತಲೇ ಬರೆದಿರಲಿ, ಒಳಗಿನ ಷರತ್ತು ನೋಡಿ ತೀರ್ಮಾನ ಮಾಡಬೇಕು.

(2/5)
ಒಂದು ಲೆಕ್ಕ ಮಾಡೋಣ. ಅಂಕಿ ಎಲ್ಲ ಉದಾಹರಣೆಗೆ ಅಷ್ಟೇ.

ಒಂದು ರೈಸ್ ಮಿಲ್. ಅಕ್ಕಿಯೊಳಗಿನ ಕಪ್ಪು, ಹಳದಿ ಕಾಳನ್ನು ಕ್ಯಾಮೆರಾದಲ್ಲಿ ಗುರುತಿಸಿ ಗಾಳಿಯಿಂದ ಹಾರಿಸೋ ಕಲರ್ ಸಾರ್ಟರ್ ಮಷಿನ್ ಬೇಕು. ಬೆಲೆ 10,00,000 ರೂಪಾಯಿ, ಬಾಳಿಕೆ 6 ವರ್ಷ. ಮಿಲ್ ಅದನ್ನು ಕೊಳ್ಳದೆ 5 ವರ್ಷ ಲೀಸ್‌ಗೆ ತಗೊಂತದ. ಪ್ರತಿ ವರ್ಷದ ಕೊನೆಗೆ 2,63,800 ಕಟ್ಟಬೇಕು. ನಡುವೆ ಬಿಡೋ ಹಾಗಿಲ್ಲ. ರಿಪೇರಿ, ಇನ್ಶೂರೆನ್ಸ್ ಮಿಲ್‌ನದೇ. ಅವಧಿ ಮುಗಿದ ಮೇಲೆ ಮಷಿನ್ ವಾಪಸ್.

ಇದು ಯಾವ ಲೀಸ್? ‘ವಾಪಸ್ ಕೊಡ್ತಾರಲ್ಲ, ಆಪರೇಟಿಂಗ್’ ಅಂತ ಅನ್ನಿಸ್ತದ. ಆದರೆ ಬಾಳಿಕೆ 6 ವರ್ಷ, ಲೀಸ್ 5 ವರ್ಷ. ಮಷಿನ್‌ನ ಆಯಸ್ಸಿನ ಹೆಚ್ಚಿನ ಭಾಗ ಇಲ್ಲೇ ಕಳೀತು. ಇನ್ನೊಂದು ಪರೀಕ್ಷೆ: ಈ 5 ಕಂತನ್ನು ಶೇ 10ರ ಬಡ್ಡಿಯಲ್ಲಿ ಇವತ್ತಿನ ಮೌಲ್ಯಕ್ಕೆ ಇಳಿಸ್ರಿ. 2,63,800 × 3.7908 ಅಂದ್ರ ಸುಮಾರು 10,00,000. ಅಂದರೆ ಮಷಿನ್‌ನ ಪೂರ್ತಿ ಬೆಲೆಯನ್ನು ಬಡ್ಡಿ ಸಮೇತ ಮಿಲ್ಲೇ ಕಟ್ಟುತ್ತಿದೆ. ಇದು ಫೈನಾನ್ಸ್ ಲೀಸ್, ಬಾಡಿಗೆ ವೇಷದ ಸಾಲ.

ಪರೀಕ್ಷೆಗೆ ಕೂತಾಗ ನೆನಪಿರಲಿ: ಶೇ 75, ಶೇ 90 ಅನ್ನೋ ಗಡಿ ಅಮೆರಿಕದ ನಿಯಮದಿಂದ ಬಂದದ್ದು. ನಮ್ಮ ಎಎಸ್ 19 ಅಂಥ ಅಂಕಿ ಕೊಟ್ಟಿಲ್ಲ. ‘ಹೆಚ್ಚಿನ ಭಾಗ’, ‘ಬಹುತೇಕ ಪೂರ್ತಿ’ ಅಂತಷ್ಟೇ ಹೇಳ್ತದ. ಹಂಗಾಗಿ ಕಾರಣ ಬರೆದು ತೀರ್ಮಾನ ಹೇಳಬೇಕು.

(3/5)
ಈಗ ಪುಸ್ತಕದಾಗ ಹೆಂಗ ಕಾಣ್ತದ ನೋಡ್ರಿ.

ಫೈನಾನ್ಸ್ ಲೀಸ್ ಆದರೆ ಮೊದಲ ದಿನವೇ ಬ್ಯಾಲೆನ್ಸ್ ಶೀಟ್‌ನಲ್ಲಿ ಎರಡೂ ಕಡೆ ಬರ್ತದ. ಆಸ್ತಿ ಕಡೆ ಮಷಿನ್ 10,00,000, ಹೊಣೆ ಕಡೆ ಲೀಸ್ ಸಾಲ 10,00,000. ವರ್ಷದ ಕೊನೆಗೆ ಕಟ್ಟಿದ 2,63,800 ಪೂರ್ತಿ ಖರ್ಚಲ್ಲ. ಅದರಲ್ಲಿ ಬಡ್ಡಿ 1,00,000. ಉಳಿದ 1,63,800 ಅಸಲು ತೀರಿದ್ದು. ಬಾಕಿ ಸಾಲ 8,36,200. ಜೊತೆಗೆ ಸವಕಳಿ ತೋರಿಸಬೇಕು. ಮಷಿನ್ ಕೊನೆಗೆ ಮಿಲ್‌ನ ಹೆಸರಿಗೆ ಬರೋದಿಲ್ಲ, ಅದಕ್ಕೇ 6 ವರ್ಷಕ್ಕಲ್ಲ, ಕಡಿಮೆ ಇರೋ 5 ವರ್ಷಕ್ಕೆ ಹಂಚಬೇಕು: ವರ್ಷಕ್ಕೆ 2,00,000. ಮೊದಲ ವರ್ಷದ ಒಟ್ಟು ಖರ್ಚು 3,00,000.

ಇದನ್ನೇ ಆಪರೇಟಿಂಗ್ ಅಂತ ಬರೆದರೆ? ಬ್ಯಾಲೆನ್ಸ್ ಶೀಟ್‌ನಲ್ಲಿ ಮಷಿನೂ ಇಲ್ಲ, ಸಾಲವೂ ಇಲ್ಲ. ಲಾಭ-ನಷ್ಟ ಖಾತೆಯಲ್ಲಿ ಪ್ರತಿ ವರ್ಷ ಬಾಡಿಗೆ 2,63,800 ಅಂತ ಒಂದೇ ಸಾಲು.

5 ವರ್ಷದ ಒಟ್ಟು ಖರ್ಚು ಎರಡರಲ್ಲೂ 13,19,000. ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ. ಫೈನಾನ್ಸ್‌ನಲ್ಲಿ ಮೊದಲ ವರ್ಷ ಖರ್ಚು ಹೆಚ್ಚು. ಬಡ್ಡಿ ಇಳೀತಾ ಹೋಗಿ 5ನೇ ವರ್ಷ ಸುಮಾರು 2,24,000ಕ್ಕೆ ಬರ್ತದ. ಬ್ಯಾಂಕಿನಿಂದ ಹೋಗೋ ಹಣ ಎರಡರಲ್ಲೂ ಒಂದೇ. ಹಂಗಾದ್ರ ಜಗಳ ಯಾಕ?

(4/5)
ಯಾಕಂದ್ರ ಸಾಲ ಕಾಣೋದು, ಕಾಣದಿರೋದು.

ಮಿಲ್ ಮಾಲೀಕರ ಬಂಡವಾಳ 20 ಲಕ್ಷ, ಬ್ಯಾಂಕ್ ಸಾಲ 20 ಲಕ್ಷ ಅಂತ ಇಟ್ಕೊಳ್ರಿ. ಆಪರೇಟಿಂಗ್ ಅಂತ ಬರೆದರೆ ಸಾಲ–ಬಂಡವಾಳ ಅನುಪಾತ 1. ಸರಿಯಾಗಿ ಬರೆದರೆ ಮೊದಲ ವರ್ಷದ ಕೊನೆಗೆ ಸಾಲ 28.36 ಲಕ್ಷ, ಅನುಪಾತ ಸುಮಾರು 1.4. ಆ ಮಿಲ್‌ಗೆ ಹೊಸ ಪಾಲುದಾರರು ಬರ್ತಾ ಇದ್ದಾರ ಅಂದ್ರ ಅವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಕಾಲುವೆಗೆ ನೀರು ಬಿಡದೆ ಎರಡನೇ ಬೆಳೆ ಭತ್ತ ಇಲ್ಲ ಅಂತಾದರೆ ಮಿಲ್ ನಿಲ್ತದ, ಆದರೆ ಕಂತು ನಿಲ್ಲೋದಿಲ್ಲ. ಮಷಿನ್ ತಗೊಂಡು ಹೋಗ್ರಿ ಅಂದರೂ ಉಳಿದ ಕಂತು ತಪ್ಪೋದಿಲ್ಲ. ಬಾಡಿಗೆ ಅಂತ ಒಂದು ಸಾಲು ನೋಡಿದವರಿಗೆ ಈ 8,36,200 ಎಲ್ಲಿ ಕಾಣ್ಬೇಕು?

ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆ ಕಿಂಗ್‌ಫಿಶರ್ ಏರ್‌ಲೈನ್ಸ್. ಬೆಂಗಳೂರಿನ ಕಂಪನಿ, 2005ರಲ್ಲಿ ಹಾರಾಟ ಶುರು. ವಿಮಾನಗಳಲ್ಲಿ ಕೆಲವು ಫೈನಾನ್ಸ್ ಲೀಸ್, ಕೆಲವು ಆಪರೇಟಿಂಗ್ ಲೀಸ್. ಆಗ ಎಎಸ್ 19 ಇದ್ದದ್ದರಿಂದ ಆಪರೇಟಿಂಗ್ ಲೀಸ್‌ನ ವಿಮಾನ ಕಣ್ಮುಂದೆ ಹಾರಾಡಿದರೂ ಬ್ಯಾಲೆನ್ಸ್ ಶೀಟ್‌ನಲ್ಲಿ ಇರ್ತಿರಲಿಲ್ಲ. ಮುಂದೆ ಕಟ್ಟಬೇಕಾದ ಬಾಡಿಗೆಯನ್ನು ಹಿಂದಿನ ಟಿಪ್ಪಣಿಗಳಲ್ಲಿ ಹುಡುಕಬೇಕಿತ್ತು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಬಾಡಿಗೆ ಬಾರದ ಲೀಸ್ ಕಂಪನಿಗಳು ತಮ್ಮ ವಿಮಾನ ವಾಪಸ್ ಕೇಳಿದವು.

(5/5)
ಈ ಮರೆಮಾಚುವಿಕೆ ತಡೆಯೋಕೇ 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಬಂತು. ಅದರ ಪ್ರಕಾರ ಬಾಡಿಗೆಗೆ ತಗೊಂಡವರಿಗೆ ಎರಡು ಜಾತಿ ಇಲ್ಲ. 12 ತಿಂಗಳೊಳಗಿನ ಲೀಸ್ ಮತ್ತು ಕಡಿಮೆ ಬೆಲೆಯ ವಸ್ತುಗಳಿಗೆ ವಿನಾಯಿತಿ ಅದ. ಉಳಿದದ್ದೆಲ್ಲ ಬ್ಯಾಲೆನ್ಸ್ ಶೀಟ್‌ಗೆ ಬರಬೇಕು: ಒಂದು ಕಡೆ ‘ಬಳಸುವ ಹಕ್ಕು’ ಅನ್ನೋ ಆಸ್ತಿ, ಇನ್ನೊಂದು ಕಡೆ ಲೀಸ್ ಹೊಣೆ. ಬಾಡಿಗೆಗೆ ಕೊಡುವವರು ಮಾತ್ರ ಇನ್ನೂ ಫೈನಾನ್ಸ್, ಆಪರೇಟಿಂಗ್ ಅಂತ ಬೇರೆ ಮಾಡ್ತಾರ.

ಆದರೆ ಇದು ಲಿಸ್ಟೆಡ್ ಮತ್ತು ದೊಡ್ಡ ಕಂಪನಿಗಳಿಗೆ. ನಮ್ಮ ಊರ ಕಡೆಯ ಪಾಲುದಾರಿಕೆ ಮಿಲ್‌ಗೆ ಇವತ್ತಿಗೂ ಎಎಸ್ 19. ಅದರಲ್ಲೂ ಸಣ್ಣ ಘಟಕಗಳಿಗೆ ಟಿಪ್ಪಣಿ ಕೊಡೋದರಲ್ಲಿ ಕೆಲವು ರಿಯಾಯಿತಿ ಅದ. ಹಂಗಾಗಿ ಯಾವುದಾದರೂ ಸಣ್ಣ ವ್ಯವಹಾರದ ಲೆಕ್ಕದಲ್ಲಿ ‘ಮಷಿನ್ ಬಾಡಿಗೆ’ ಅಂತ ಪ್ರತಿ ವರ್ಷ ಒಂದೇ ಮೊತ್ತ ಕಂಡರೆ ಅಗ್ರಿಮೆಂಟ್ ಕೇಳಿ ತಗೊಳ್ರಿ. ನಡುವೆ ಬಿಡಬಹುದಾ? ಅವಧಿ ಮುಗಿದಾಗ ಮಷಿನ್‌ಗೆ ಎಷ್ಟು ಆಯಸ್ಸು ಉಳಿದಿರ್ತದ? ಕಂತೆಲ್ಲ ಇವತ್ತಿನ ಮೌಲ್ಯಕ್ಕೆ ಇಳಿಸಿದರೆ ಮಷಿನ್ ಬೆಲೆಗೆ ಎಷ್ಟು ಹತ್ತಿರ?

ಈಗ ನಿಮಗೊಂದು ಪ್ರಶ್ನೆ. ಅದೇ ಸಾರ್ಟರ್, ಆದರೆ ಲೀಸ್ 2 ವರ್ಷ. ರಿಪೇರಿ ಕೊಟ್ಟವರದು, 3 ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಯಾವ ಲೀಸ್, ಯಾಕೆ? ಕಾರಣ ಸಮೇತ ಕಾಮೆಂಟ್ ಮಾಡ್ರಿ. ಬರೀ ಹೆಸರು ಬರೆದರೆ ಅರ್ಧ ಮಾರ್ಕ್ಸ್.

#ಬಿಕಾಂ #ಲೀಸ್ #ಎಎಸ್19 #ಬೋನಾಳ #ಯಾದಗಿರಿ