ಇನ್ನೊಂದ್ಸಲ ಹೇಳು

ಕನ್ನಡ ಕಲಿಸುವ ಪುಸ್ತಕಗಳನ್ನು ಬರೆಯುವವರು ಬಹಳ ಮರ್ಯಾದಸ್ಥರು. ಅವರ ಪಾಠಗಳಲ್ಲಿ ಎಲ್ಲರೂ ಎಲ್ಲರಿಗೂ ನಮಸ್ಕಾರ ಹೇಳುತ್ತಾರೆ, ಟೊಮೇಟೊ ಕೆಜಿಗೆ ಎಷ್ಟು ಅನ್ನುತ್ತಾರೆ, ಈ ಬಸ್ಸು ಮೆಜೆಸ್ಟಿಕ್ಕಿಗೆ ಹೋಗುತ್ತದೆಯೇ ಎಂದು ವಿಚಾರಿಸುತ್ತಾರೆ. ಆ ಬಸ್ಸು ಹತ್ತಿದ ಮೇಲೆ ಕಾಲು ತುಳಿಸಿಕೊಂಡವನು ಏನನ್ನುತ್ತಾನೆ ಎಂಬುದು ಮಾತ್ರ ಯಾವ ಪಾಠದಲ್ಲೂ ಇರುವುದಿಲ್ಲ. ಆ ಭಾಗವನ್ನು ಹೊರಗಿನಿಂದ ಬಂದವರು ಬಸ್ಸಿನಲ್ಲೇ, ಟೀ ಅಂಗಡಿಯಲ್ಲೇ ಕಲಿಯಬೇಕು. ಅಲ್ಲಿ ಪದವೇನೋ ಧಾರಾಳವಾಗಿ ಸಿಗುತ್ತದೆ. ಅದರ ಕಾವು ಎಷ್ಟು ಅಂತ ಹೇಳುವವರು ಸಿಗುವುದಿಲ್ಲ.

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಒಡಿಶಾದ ಹುಡುಗ ಹೀಗೇ ಕಲಿಯುತ್ತಿದ್ದವನು. ಕೇಳಿದ ಪದವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ನಿಘಂಟಿನ ಅರ್ಥ ಇಳಿಸಿಕೊಳ್ಳುತ್ತಿದ್ದ. ಗೆಳೆಯರು ಅವನನ್ನು 'ಮಗಾ' ಅನ್ನುತ್ತಿದ್ದರು. ಅದಕ್ಕೆ ಪುತ್ರ ಎಂದು ಬರೆದುಕೊಂಡಿದ್ದ. ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಾಗ ಅವನ ಟೀಮಿನವನು 'ನನ್ಮಗಂದು, ಏನ್ ಟ್ರಾಫಿಕ್ಕು' ಎಂದು ನಿಟ್ಟುಸಿರು ಬಿಟ್ಟಿದ್ದ. ಅದೂ ದಾಖಲಾಯಿತು. ಇವೆರಡನ್ನೂ ಕೂಡಿಸಿ, 'ನನ್ನ' ಎಂಬ ಮಮಕಾರ ಸೇರಿದರೆ ಪ್ರೀತಿ ಇನ್ನಷ್ಟು ಹೆಚ್ಚಬೇಕಲ್ಲ ಎಂದು ಲೆಕ್ಕ ಹಾಕಿ, ಒಂದು ಬೆಳಿಗ್ಗೆ ಪಾರ್ಕಿಂಗ್ ನೋಡಿಕೊಳ್ಳುವವನಿಗೆ ನಗುನಗುತ್ತ 'ಏನ್ ನನ್ಮಗನೇ, ಚೆನ್ನಾಗಿದ್ದೀಯಾ?' ಅಂದ.

ಆತ ಕುರ್ಚಿಯಿಂದ ಎದ್ದ. 'ಏನಂದೆ? ಇನ್ನೊಂದ್ಸಲ ಹೇಳು' ಅಂದ.

ಹುಡುಗ ತನ್ನ ಉಚ್ಚಾರಣೆ ಸರಿಯಾಗಲಿಲ್ಲ ಅಂದುಕೊಂಡು, ಬಿಡಿಸಿ ಬಿಡಿಸಿ, ಇನ್ನೂ ಗಟ್ಟಿಯಾಗಿ, ಇನ್ನೊಂದ್ಸಲ ಹೇಳಿದ.

ಅಕ್ಕಪಕ್ಕದವರು ಬಂದು ಬಿಡಿಸಿದರು. ಸಂಜೆ ಅವನು ನೋಟ್‌ಬುಕ್ಕು ಹಿಡಿದು ನನ್ನ ಎದುರು ಕೂತ. 'ಅಂಕಲ್, ಮಗಾ ಓಕೆ. ನನ್ಮಗಂದು ಓಕೆ. ನನ್ಮಗನೇ ಯಾಕೆ ಓಕೆ ಅಲ್ಲ?' ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೂ ಒಂದು ಕ್ಷಣ ಗಂಟಲು ಕಟ್ಟುವ ಪ್ರಶ್ನೆ. ಒಬ್ಬನನ್ನು ನನ್ನ ಮಗ ಅಂದರೆ ಅವನ ತಾಯಿಯ ಬಗ್ಗೆ ಏನೋ ಹೇಳಿದಂತಾಯಿತು ಎಂದಷ್ಟೇ ಹೇಳಿ ಕಾಫಿ ಕುಡಿದೆ. ಅವನಿಗೆ ಅರ್ಥವಾಯಿತು, ಕಿವಿ ಕೆಂಪಾಯಿತು.

ಆಮೇಲೆ ಕೂತು ಯೋಚಿಸಿದರೆ, ಉತ್ತರ ನಿಘಂಟಿನಲ್ಲಿ ಇರಲಿಲ್ಲ, ಪಾರ್ಕಿಂಗಿನವನ ಬಾಯಲ್ಲಿತ್ತು. ಪದದ ತೂಕ ಆಡಿದವನ ಮುಖದಲ್ಲಿ ಕಾಣುವುದಿಲ್ಲ, ಕೇಳಿದವನ ಮುಂದಿನ ಮಾತಿನಲ್ಲಿ ಕಾಣುತ್ತದೆ. 'ಹೋಗೋ ಕತ್ತೆ' ಅಂದಾಗ ಗೆಳೆಯ 'ನೀನ್ ಹೋಗೋ' ಅಂದು ಮಾತು ಮುಂದುವರಿಸಿದರೆ ಅದು ಸಲಿಗೆ. ಅಂದದ್ದನ್ನು ತಿರುಗಿಸಿ ಅನ್ನಬಹುದು ಎಂಬುದೇ ಸಲಿಗೆಯ ಗುರುತು. 'ಮಾತು ನೆಟ್ಟಗಿರಲಿ' ಅಂದರೆ ಪದ ಒರಟಾಯಿತು, ಆದರೆ ತಿದ್ದಿಕೊಳ್ಳಲು ಅವಕಾಶವಿದೆ. 'ಇನ್ನೊಂದ್ಸಲ ಹೇಳು' ಅಂದರೆ ಹೇಳಬಾರದು. ನಮ್ಮ ಭಾಷೆಯಲ್ಲಿ ಅಪ್ಪಣೆಯಂತೆ ಕೇಳಿಸುವ ನಿಷೇಧ ಇದೊಂದೇ ಇರಬೇಕು. ಇನ್ನೊಂದು ಪ್ರತಿಕ್ರಿಯೆಯಿದೆ, ಇದಕ್ಕಿಂತ ಭಯಂಕರ: ವರ್ಷಗಟ್ಟಲೆ 'ನೀನು' ಅನ್ನುತ್ತಿದ್ದವನು ತಟ್ಟನೆ 'ನೀವು ಹಾಗನ್ನಬಾರದಿತ್ತು' ಅನ್ನುವುದು. ಕನ್ನಡದಲ್ಲಿ ಬಹುವಚನ ಮರ್ಯಾದೆಗೂ ಬರುತ್ತದೆ, ಬಾಗಿಲು ಹಾಕುವುದಕ್ಕೂ ಬರುತ್ತದೆ.

ಹುಡುಗನ ದೊಡ್ಡ ಆಕ್ಷೇಪಣೆ ಬೇರೆ ಇತ್ತು. ಟೀ ಅಂಗಡಿಯ ಮುಂದೆ ನಿಲ್ಲುವ ಹುಡುಗರು ಒಂದು ಪದವನ್ನು ಮಾತಿಗೆ ಮುಂಚೆ, ಮಾತಿನ ಮಧ್ಯೆ, ಮಾತಾದ ಮೇಲೆ ಹಾಕುತ್ತಾರಂತೆ; ಇಷ್ಟು ಜನ ಇಷ್ಟು ಸಲ ಆಡುವ ಪದ ಕೆಟ್ಟದ್ದು ಹೇಗಾದೀತು? ಬೋ ಎಂದು ಆರಂಭವಾಗಿ ಮಗ ಎಂದು ಮುಗಿಯುವ ಪದ ಅದು. ಹೊಸ ಭಾಷೆ ಕಲಿಯುವವರೆಲ್ಲ ಎಡವುವುದು ಇಲ್ಲೇ. ಎಷ್ಟು ಸಲ ಕೇಳಿಸಿತು ಎಂಬುದು ಲೆಕ್ಕವೇ ಅಲ್ಲ, ಯಾರು ಬಂದಾಗ ಕೇಳಿಸುವುದು ನಿಂತಿತು ಎಂಬುದು ಲೆಕ್ಕ. ಒಂದು ಸಂಜೆ ಅವನನ್ನೇ ಕರೆದುಕೊಂಡು ಹೋಗಿ ಟೀ ಹೇಳಿ ನಿಂತೆ. ಹುಡುಗರ ಮಾತು ಅಲ್ಪವಿರಾಮ, ಪೂರ್ಣವಿರಾಮಗಳ ಜಾಗದಲ್ಲೆಲ್ಲ ಆ ಪದವನ್ನಿಟ್ಟುಕೊಂಡು ಸಾಗಿತ್ತು. ಅಷ್ಟರಲ್ಲಿ ಒಬ್ಬನಿಗೆ ಅಮ್ಮನ ಫೋನು. ಅವನು ಕೈಯೆತ್ತಿದ, ಉಳಿದವರ ಮಾತಿನಿಂದ ಆ ಪದ ಮಾಯವಾಯಿತು. 'ಹೂಂ ಅಮ್ಮಾ, ತಿಂದೆ. ಸಕತ್ತಾಗಿತ್ತು. ಬರ್ತೀನಿ.' ಪಕ್ಕದಲ್ಲಿ ಯಾರೋ ನಕ್ಕದ್ದಕ್ಕೆ ಫೋನು ಕೆಳಗಿಳಿಸದೆಯೇ 'ಲೋ ಮಗಾ, ಸ್ವಲ್ಪ ಇರೋ' ಅಂದ. 'ಸಕತ್ತು' ಅಮ್ಮನವರೆಗೆ ತಲುಪಿತು. 'ಲೋ ಮಗಾ' ಅಮ್ಮನ ಕಿವಿಗೆ ಬಿದ್ದರೂ ಪರವಾಗಿಲ್ಲ ಎನಿಸಿಕೊಂಡಿತು. ಇನ್ನೊಂದು ಪದ ಇನ್ನೂರು ಮೈಲಿ ದೂರದ ಅಮ್ಮನಿಗೂ ಹೆದರಿ ಬಚ್ಚಿಟ್ಟುಕೊಂಡಿತು. ಮೂರು ಪದ, ಮೂರು ತೂಕ, ಅರ್ಧ ನಿಮಿಷದ ಫೋನು. ಹುಡುಗ ನೋಟ್‌ಬುಕ್ಕು ತಂದಿರಲಿಲ್ಲ, ಟಿಶ್ಯೂ ಕಾಗದದ ಮೇಲೆ ಬರೆದುಕೊಂಡ.

ಫೋನು ಬರದಿದ್ದರೆ ಏನು ಮಾಡುವುದು? ವರದಿಗೆ ಕಾಯುವುದು. ಬೀದಿಯಲ್ಲಿ ಜಗಳವಾದರೆ ನಮ್ಮ ಮನೆಗೆಲಸದ ಲಕ್ಷ್ಮಮ್ಮ ಬಂದು ನನ್ನ ಹೆಂಡತಿಗೆ ಪೂರ್ತಿ ಒಪ್ಪಿಸುತ್ತಾಳೆ. 'ಲೋಫರ್ ಅಂದ್ನಂತೆ ಅಮ್ಮಾ, ಹಲ್ಕಟ್ ಅಂದ್ನಂತೆ' ಎಂದು ಅಕ್ಷರಶಃ ಹೇಳುತ್ತ ಬಂದವಳು ಒಂದು ಜಾಗದಲ್ಲಿ ನಿಲ್ಲುತ್ತಾಳೆ. 'ಆಮೇಲೆ ಅಂದಿದ್ದು ಬಾಯಲ್ಲಿ ಹೇಳಕ್ಕಾಗಲ್ಲ.' ಒರಟು ಪದವನ್ನು ಇನ್ನೊಬ್ಬರ ಬಾಯಿಂದ ಎತ್ತಿ ಹೇಳಬಹುದು. ಅದಕ್ಕಿಂತ ಕೆಟ್ಟದ್ದನ್ನು ಎತ್ತಿ ಹೇಳಿದರೂ ಹೇಳಿದವರ ಬಾಯಿ ಕೊಳೆಯಾಗುತ್ತದೆ. ಪತ್ರಿಕೆಗಳು ಇದೇ ಗೆರೆ ಹಾಕಿಕೊಂಡಿವೆ. 'ಏಕವಚನದಲ್ಲಿ ನಿಂದಿಸಿದರು' ಎಂದು ಬಂದರೆ ಆಡಿದ್ದು ಒರಟು. 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದು ಬಂದರೆ ಅದರ ಪಟ್ಟಿ ಯಾರೂ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಸಿನಿಮಾದಲ್ಲಿ ಅದೇ ಜಾಗಕ್ಕೆ ಬೀಪ್ ಬರುತ್ತದೆ, ಅಚ್ಚಿನಲ್ಲಿ ಚುಕ್ಕಿ ಬರುತ್ತದೆ. ಮೇಲೆ ನಾನೇ ಆ ಪದದ ತಲೆ ಬಾಲ ಮಾತ್ರ ಕೊಟ್ಟು ನಡುವನ್ನು ನುಂಗಿದೆನಲ್ಲ, ಕಲಿಯುವವರಿಗೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಊರು ಬದಲಾದರೆ ಈ ಗೆರೆಯೂ ಜರುಗುತ್ತದೆ. ಮಂಡ್ಯದ ಕಡೆ 'ಏನ್ಲಾ' ಅನ್ನುವುದು ಯೋಗಕ್ಷೇಮ ವಿಚಾರಿಸುವುದು. ಅದನ್ನೇ ಬೆಂಗಳೂರಿನ ಬ್ಯಾಂಕ್ ಮ್ಯಾನೇಜರಿಗೆ ಅಂದರೆ ಸಾಲ ಸಿಗುವುದಿಲ್ಲ. ಹುಬ್ಬಳ್ಳಿಯಲ್ಲಿ ಮಳೆ ಜೋರಾದರೆ 'ಅವ್ನೌನ್, ಏನ್ ಮಳೀರಿ!' ಅನ್ನುವವರಿದ್ದಾರೆ. ಅಲ್ಲಿ ಯಾರ ಅವ್ವನೂ ಇಲ್ಲ, ಬರೀ ಬೆರಗಿದೆ. ಆದರೆ 'ಅವ್ನ' ಹೋಗಿ 'ನಿನ್ನ' ಬಂದಿತೋ, ಅವ್ವ ಬಂದು ಎದುರಿಗೆ ನಿಂತ ಹಾಗೆ. ಕೈ ಮಿಲಾಯಿಸುವುದೇ ಬಾಕಿ. ಹುಡುಗನ ಕಷ್ಟವೂ ಇದೇ ಆಗಿತ್ತು. 'ನನ್ಮಗಂದು' ಟ್ರಾಫಿಕ್ಕಿಗೆ ಅಂದದ್ದು, 'ನನ್ಮಗನೇ' ಮನುಷ್ಯನಿಗೆ ಅಂದದ್ದು. ಸ್ಟಾರ್ಟಾಗದ ಸ್ಕೂಟರು, ಮಳೆ, ಕೈ ಕೊಟ್ಟ ಕರೆಂಟು, ಇವುಗಳ ಮೇಲೆ ಪ್ರಯೋಗವಾಗುವುದನ್ನು ಕೇಳಿ ಪದ ಹಗುರ ಎಂದು ತೀರ್ಮಾನಿಸಬಾರದು. ಸ್ಕೂಟರಿಗೆ ತಾಯಿಯಿಲ್ಲ. ಇನ್ನೊಂದು ವಿಚಿತ್ರ, ಬಂಧುಗಳಲ್ಲೂ ಶ್ರೇಣಿಯಿದೆ. 'ಅಯ್ಯೋ ನಿನ್ನಜ್ಜಿ' ಅಂದರೆ ಎಲ್ಲರೂ ನಗುತ್ತಾರೆ. ಅಜ್ಜಿಯಿಂದ ಒಂದು ತಲೆಮಾರು ಇತ್ತ ಬಂದರೆ ಯಾರೂ ನಗುವುದಿಲ್ಲ. ನಮ್ಮ ಅಜ್ಜಿಯರು ಇದನ್ನೆಲ್ಲ ತಮ್ಮ ಮೈಮೇಲೆ ಹಾಕಿಕೊಂಡು ಮೊಮ್ಮಕ್ಕಳನ್ನು ಎಷ್ಟು ಹೊಡೆದಾಟಗಳಿಂದ ಉಳಿಸಿದ್ದಾರೋ.

ಅಜ್ಜಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹಾಸನದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ನನ್ನ ಅಜ್ಜಿಗೆ ಮೊಮ್ಮಕ್ಕಳೆಲ್ಲ 'ಮುಂಡೇವು'. ಎಣ್ಣೆ ಹಚ್ಚಲು ಕರೆಯುವಾಗ 'ಬಾರೋ ಮುಂಡೇದೇ', ಜ್ವರ ಬಂದರೆ 'ಮುಂಡೇದು ಏನೂ ತಿಂದಿಲ್ಲ' ಎಂದು ಕಣ್ಣೊರೆಸಿಕೊಳ್ಳುವುದು. ಹುಡುಗ ಈ ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿ ಬೆಚ್ಚಿದ. ಮುಂಡೆ ಎಂದರೆ ವಿಧವೆ. ಮುತ್ತೈದೆಯರು ತುಂಬಿದ ಮನೆಯಲ್ಲಿ ಗಂಡುಮಕ್ಕಳಿಗೆ ಇದೆಂಥ ಹೆಸರು? ಅವನಿಗೆ ಗೊತ್ತಿರದ ಸಂಗತಿಯೆಂದರೆ, ನನ್ನ ಅಜ್ಜಿ ಸ್ವತಃ ವಿಧವೆ. ತಲೆ ಬೋಳಿಸಿಕೊಂಡು ಕೆಂಪು ಸೀರೆಯ ಸೆರಗು ಹೊದ್ದವಳು. ದಿನವೆಲ್ಲ ಆ ಪದವನ್ನು ನಮಗೆ ಹಂಚುತ್ತಿದ್ದಳು. ಅವಳ ಎದುರು ಮಾತ್ರ ಮನೆಯ ಇನ್ನೊಬ್ಬರು ಯಾರೂ, ದನಕ್ಕೆ ಬೈಯುವಾಗ ಕೂಡ, ಆ ಪದ ಎತ್ತುತ್ತಿರಲಿಲ್ಲ. ಚಿಕ್ಕಪ್ಪ ಕೊಟ್ಟಿಗೆಯಲ್ಲಿ ಬಾಯಿ ತುದಿಗೆ ಬಂದದ್ದನ್ನು ತಡೆದು 'ಮು... ಮೂದೇವಿ' ಎಂದು ತಿರುಗಿಸಿದ್ದು ನನ್ನ ಕಿವಿಯಲ್ಲಿದೆ. ಪದದೊಳಗಿನ ಅರ್ಥ ನಿದ್ದೆಯಲ್ಲಿರುವವರೆಗೆ ಪದ ಹಗುರ. ಎದುರಿಗಿರುವವರ ಬಾಳಿನಲ್ಲಿ ಅದು ನಿಜವಾಗಿದ್ದರೆ ಎದ್ದು ಕೂರುತ್ತದೆ. ಹುಚ್ಚ ಎಂಬುದು ಗೆಳೆಯರಲ್ಲಿ ಎಷ್ಟು ಮಾಮೂಲು. ಮನೆಯಲ್ಲಿ ಒಬ್ಬರನ್ನು ನಿಮ್ಹಾನ್ಸಿಗೆ ಕರೆದೊಯ್ದು ಬರುವವನಿಗೆ ಅದನ್ನು ಅಂದು ನೋಡಿ. ಟೀ ಅಂಗಡಿಯ ಆ ಪದದಲ್ಲೂ ಇರುವುದು ತಲೆ ಬೋಳಿಸಿದ ಒಬ್ಬ ಹೆಂಗಸೇ ಎಂದು ಹುಡುಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಪೆನ್ನು ಮುಚ್ಚಿಟ್ಟ.

ಈ ಎಲ್ಲ ಪರೀಕ್ಷೆಗಳಿಂದ ಗೊತ್ತಾಗುವುದು ಪದದ ಜಾತಿ ಮಾತ್ರ, ಅದನ್ನಾಡುವ ಹಕ್ಕು ಬರುವುದಿಲ್ಲ. ಅವನೂ ಈಗ ಜಾಣನಾಗಿದ್ದಾನೆ. ಆಫೀಸಿನ ಗೆಳೆಯರು ಹೊಸ ಪದ ಕಲಿಸಿ, ಮ್ಯಾನೇಜರಿಗೆ ಶುಭಾಶಯ ಹೇಳಲು ಬಹಳ ಚೆನ್ನಾಗಿರುತ್ತದೆ ಎಂದರೆ, ಪದ ನೋಡುವುದಿಲ್ಲ, ಹಿಂದೆ ನಿಂತವರಲ್ಲಿ ಯಾರ ಹೆಗಲು ಕುಲುಕುತ್ತಿದೆ ಎಂದು ನೋಡುತ್ತಾನೆ. ಅನುಮಾನ ಬಂದರೆ 'ನೀನೇ ಮೊದಲು ನಿನ್ನ ಅಮ್ಮನಿಗೆ ಹೇಳು, ಸ್ಪೀಕರ್ ಹಾಕು' ಅನ್ನುತ್ತಾನೆ.

ಮೊನ್ನೆ ಕೇಳಿದ: 'ಅಂಕಲ್, ನಿಮ್ಮನ್ನ ಯಾರು ಹಾಗೆಲ್ಲ ಕರೀತಾರೆ?' ಲೆಕ್ಕ ಹಾಕಿದೆ. ಬೀದಿಗೆಲ್ಲ ನಾನು ಸಾರ್, ಮಕ್ಕಳಿಗೆ ತಾತ, ಬ್ಯಾಂಕಿನಲ್ಲಿ ಸೀನಿಯರ್ ಸಿಟಿಜನ್ನು. ನನಗೆ 'ಲೋ' ಅನ್ನಬಲ್ಲವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದಾರೆ. ಉಳಿದಿರುವವನು ಹಾಸನದಲ್ಲಿರುವ ಹೈಸ್ಕೂಲು ಗೆಳೆಯನೊಬ್ಬನೇ. ಅವನಿಗೂ ಈಗ ಕಿವಿ ಮಂದ. ನಮ್ಮ ಹಳೆಯ ಸಲಿಗೆಯನ್ನೆಲ್ಲ ಬಾಲ್ಕನಿಯಲ್ಲಿ ನಿಂತು ಕಿರುಚಿಯೇ ಹೇಳಬೇಕು. ಭಾನುವಾರ ಹಾಗೆ ಹೇಳುತ್ತಿದ್ದಾಗ ಎದುರು ಮನೆಯವರು ದಡಾರನೆ ಕಿಟಕಿ ಹಾಕಿಕೊಂಡರು. ಮೇಲಿನ ಮಹಡಿಯಿಂದ ಹುಡುಗ ಬಗ್ಗಿ ಕೇಳಿದ:

'ಅಂಕಲ್, ಇದು ಲಕ್ಷ್ಮಮ್ಮ ಹೇಳೋ ಜಾತಿದಾ, ಹೇಳದೇ ಇರೋ ಜಾತಿದಾ?'

ಫೋನಿನ ಆ ತುದಿಯಲ್ಲಿ ಗೆಳೆಯ 'ಏನಂದೆ? ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು' ಅನ್ನುತ್ತಿದ್ದ. ಹೇಳಿದೆ.