ಹೈದರಾಬಾದ್ ಹೋಗಿ ಕಲ್ಯಾಣ ಬಂದಾಗ

2019ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಸರ್ಕಾರ ಒಂದೇ ಆದೇಶದಲ್ಲಿ ಮುಗಿಸಿದ ಕೆಲಸ, ಕಲಬುರಗಿಯಲ್ಲಿರುವ ನಮ್ಮ ಬಂಧುವೊಬ್ಬರ ಪರಿಚಯ ಪುಸ್ತಿಕೆಯಲ್ಲಿ ಹನ್ನೆರಡು ಪುಟಗಳ ಕೆಲಸವಾಗಿ ಹರದನಹಳ್ಳಿಗೆ ಬಂದಿತು. ಮೂಲ ಕಡತ ಕಳೆದುಹೋಗಿತ್ತು. ಉಳಿದಿದ್ದುದು ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ. ಅದರಲ್ಲಿ ಅಕ್ಷರವೆಂಬುದೇ ಇಲ್ಲ, ಎಲ್ಲವೂ ಚಿತ್ರ. ಹುಡುಕಿ ಬದಲಿಸುವ ಆಜ್ಞೆ ಅಲ್ಲಿ ನಡೆಯದು.

ಪುಟಗಳನ್ನು ಪರದೆಯಿಂದ ಚಿತ್ರ ತೆಗೆದುಕೊಳ್ಳದೆ, ಒಳಗಿರುವಂತೆಯೇ ಹೊರತೆಗೆಯಬೇಕು. ಇಲ್ಲವಾದರೆ ಅಕ್ಷರಗಳು ಮಸುಕಾಗುತ್ತವೆ.

```
pdfimages -all pustike.pdf puta
```

ಪ್ರತಿ ಪುಟದ ನೆತ್ತಿಯಲ್ಲಿ ನಡುವೆ ಆ ಹೆಸರಿತ್ತು. ಒಂದೇ ಅಳತೆಯನ್ನು ಎಲ್ಲ ಪುಟಗಳಿಗೂ ಅನ್ವಯಿಸೋಣವೆಂದರೆ, ಸ್ಕ್ಯಾನ್ ಮಾಡುವಾಗ ಕಾಗದ ಅಲುಗಿ ಒಂದೊಂದು ಪುಟ ಒಂದೊಂದು ಕಡೆಗೆ ವಾಲಿರುತ್ತದೆ. ಆದ್ದರಿಂದ ಗಿಂಪ್‌ನಲ್ಲಿ ಮೊದಲು ಪುಟವನ್ನು ನೇರವಾಗಿಸಿ, ಅಕ್ಷರಗಳು ಕುಳಿತ ಸಾಲಿಗೊಂದು, ಪುಟದ ನಡುವಿಗೊಂದು ಮಾರ್ಗರೇಖೆ ಎಳೆದೆನು. ‘ಕಲ್ಯಾಣ’ದ ಯಕಾರದ ಒತ್ತು ಕೆಳಗಿಳಿಯುತ್ತದೆ. ಅದರ ತಳವನ್ನು ರೇಖೆಗೆ ತಾಗಿಸಿದರೆ ಇಡೀ ಹೆಸರು ಮೇಲೇರಿಬಿಡುತ್ತದೆ. ತಾಗಬೇಕಾದುದು ಕಕಾರದ ತಳ.

ಹೊಸ ಹೆಸರನ್ನು ಹನ್ನೆರಡು ಸಲ ಬರೆಯಲಿಲ್ಲ. ಪಾರದರ್ಶಕ ಹಿನ್ನೆಲೆಯಲ್ಲಿ ಒಮ್ಮೆ ಬರೆದು, ಅದನ್ನೇ ಎಲ್ಲೆಡೆ ಅಂಟಿಸಿದೆನು. ಹಳೆಯ ಹೆಸರಿನ ಅಗಲ 620 ಪಿಕ್ಸೆಲ್, ಹೊಸದರದು 500. ಉಳಿದ 120ನ್ನು ಎಡಬಲಗಳಿಗೆ ಅರವತ್ತರಂತೆ ಬಿಡಬೇಕೇ ಹೊರತು, ಜಾಗ ತುಂಬಲೆಂದು ಅಕ್ಷರಗಳನ್ನು ಎಳೆಯಬಾರದು. ಎಳೆದ ಕನ್ನಡದ ದುಂಡು ನೋಡಲಾಗದು! ಹಳೆಯದನ್ನು ಮುಚ್ಚುವ ಬಣ್ಣವೂ ಶುದ್ಧ ಬಿಳಿಯಲ್ಲ. ಪಕ್ಕದ ಕಾಗದದಿಂದಲೇ ಅದನ್ನು ಆರಿಸಬೇಕು. ಅಂತೆಯೇ ಹೊಸ ಅಕ್ಷರ ಅಚ್ಚಕಪ್ಪಾಗಿ ಚೂಪಾಗಿದ್ದರೆ ತೇಪೆಯೆಂದು ತಿಳಿದುಬಿಡುತ್ತದೆ. ಬಣ್ಣವನ್ನು ಸ್ವಲ್ಪ ಬೂದಿಯಾಗಿಸಿ, ಅಂಚನ್ನು ಅರ್ಧ ಪಿಕ್ಸೆಲ್‌ನಷ್ಟು ಮಸುಕುಗೊಳಿಸಿದರೆ ಸಾಕು.

ಐದನೆಯ ಪುಟ ಬೇರೆಯೇ ಬಗೆಯದು. ಅಲ್ಲಿ ಅದೇ ಹೆಸರು ಸಣ್ಣಕ್ಷರದಲ್ಲಿ ವಾಕ್ಯದ ನಡುವೆಯೂ ಇತ್ತು, ಸಾಲಿನ ಎರಡೂ ಅಂಚು ಸಮವಾಗಿದ್ದವು. ಅಲ್ಲಿ 80 ಪಿಕ್ಸೆಲ್ ಉಳಿಯಿತು. ಹೆಸರಿನ ಪಕ್ಕದಲ್ಲೇ ಬಿಟ್ಟರೆ ಬಿದ್ದ ಹಲ್ಲಿನ ಸಂದಿಯಂತೆ ಕಾಣುತ್ತದೆ. ಸಾಲಿನಲ್ಲಿ ಒಂಬತ್ತು ಪದಗಳು, ಎಂಟು ಸಂದುಗಳು. ಪದಗಳನ್ನು ಒಂದೊಂದಾಗಿ ಕತ್ತರಿಸಿ ಸರಿಸಿ, ಸಂದಿಗೆ ಹತ್ತರಂತೆ ಹಂಚಿದೆನು. 300 ಡಿಪಿಐ ಪುಟದಲ್ಲಿ ಅದು ಒಂದು ಮಿಲಿಮೀಟರಿಗೂ ಕಡಿಮೆ. ಹೊಸ ಹೆಸರು ಉದ್ದವಾಗಿದ್ದರೆ ಈ ಉಪಾಯ ಬೇಗ ಸೋಲುತ್ತದೆ, ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಇಡೀ ಪರಿಚ್ಛೇದವನ್ನೇ ಮತ್ತೆ ಜೋಡಿಸಬೇಕು.

ತಿದ್ದುವಾಗಲೆಲ್ಲ ಜೆಪಿಇಜಿಯಲ್ಲಿ ಉಳಿಸಿದರೆ ಅಕ್ಷರಗಳ ಸುತ್ತ ಕಲೆ ಮೂಡುತ್ತದೆ. ಪದರಗಳನ್ನು ಒಂದಾಗಿಸಿ ಪಿಎನ್‌ಜಿಯಾಗಿ ಉಳಿಸಿ, ಕೊನೆಗೆ ಜೋಡಿಸಿದೆನು.

```
img2pdf puta-*.png -o hosadu.pdf
```

ಪರೀಕ್ಷೆ ಸರಳ. ಒಂದು ಪುಟ ಪೂರ್ತಿ ಕಾಣುವಂತೆ ಇಟ್ಟು ಬೇಗಬೇಗ ಮುಂದೆ ಸಾಗಬೇಕು. ನೆತ್ತಿಯ ಹೆಸರು ಎಲ್ಲಿಯಾದರೂ ಕುಣಿದರೆ ಆ ಪುಟದ ಮಾರ್ಗರೇಖೆ ತಪ್ಪಿದೆಯೆಂದು ಅರ್ಥ. ಒಂಬತ್ತನೆಯದು ಕುಣಿಯಿತು, ಮೂರು ಪಿಕ್ಸೆಲ್ ಕೆಳಗಿಳಿಸಿದ ಮೇಲೆ ಸುಮ್ಮನಾಯಿತು.