ಸೆಲ್ಲಿಗೂ ಸ್ವಿಚ್‌ಬೋರ್ಡಿಗೂ ಎಷ್ಟು ದೂರ?

ನಮ್ಮ ಕಾಲೇಜಿನಿಂದ ಹತ್ತಿರದ ಶಾಲೆಯ ಆರು ಮತ್ತು ಏಳನೇ ತರಗತಿ ಮಕ್ಕಳಿಗೆ ಒಂದು ದಿನದ ಎಲೆಕ್ಟ್ರಾನಿಕ್ಸ್ ಕಾರ್ಯಾಗಾರ ಮಾಡಬೇಕೆಂದು ತೀರ್ಮಾನವಾದಾಗ ಸೈನ್ಸ್ ವಿಭಾಗದ ಗೆಳತಿಯರು ನನ್ನನ್ನೂ ಸೇರಿಸಿಕೊಂಡರು. ಕಾರಣ ಸರಳ. ಅವರಿಗೆ ಲೆಕ್ಕ ಬರೆಯುವವರು ಬೇಕಿತ್ತು. ಮಕ್ಕಳು 40, ಇಬ್ಬರಿಗೆ ಒಂದರಂತೆ ಕಿಟ್ 20, ಕೈಯಲ್ಲಿರುವ ಹಣ 2,500 ರೂಪಾಯಿ. ನಾನು ಕಾಮರ್ಸ್ ಹುಡುಗಿ, ಖರ್ಚು ಕಡಿಮೆ ಮಾಡುವುದೇ ನನ್ನ ಕೆಲಸ ಎಂದುಕೊಂಡು ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸತೊಡಗಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಸೆಲ್ಲುಗಳು. ಪ್ರತಿ ಕಿಟ್ಟಿಗೆ ಗೋಡೆ ಗಡಿಯಾರಕ್ಕೆ ಹಾಕುವಂಥ ಮೂರು ಸೆಲ್, ಅವನ್ನು ಕೂರಿಸಲು ಒಂದು ಹೋಲ್ಡರ್. ಇದರ ಬದಲು ಒಂದೇ ಒಂದು 9 ವೋಲ್ಟ್ ಬ್ಯಾಟರಿ ಸಾಲದೇ, ಇಲ್ಲವೇ ಆಟಿಕೆಗಳಲ್ಲಿರುವ ಬಿಲ್ಲೆಯಂಥ ಸೆಲ್ ಸಾಲದೇ ಎಂದು ಕೇಳಿದೆ. ಭೌತಶಾಸ್ತ್ರದ ಸರ್ ತಲೆ ಅಲ್ಲಾಡಿಸಿದರು. 9 ವೋಲ್ಟ್ ಬ್ಯಾಟರಿಯ ಎರಡೂ ತುದಿಗಳು ಒಂದೇ ಕಡೆ ಅಕ್ಕಪಕ್ಕ ಇರುತ್ತವೆ. ಅದನ್ನು ಮಗು ಚಿಲ್ಲರೆ ಕಾಸಿನ ಜೊತೆ ಜೇಬಿಗೆ ಹಾಕಿಕೊಂಡರೆ ಕಾಸು ಎರಡನ್ನೂ ಜೋಡಿಸಿಬಿಡುತ್ತದೆ, ಬ್ಯಾಟರಿ ಸುಡುವಷ್ಟು ಬಿಸಿಯಾಗುತ್ತದೆ. ಬಿಲ್ಲೆ ಸೆಲ್ ಇನ್ನೂ ಕೆಟ್ಟದ್ದು. ಪುಟ್ಟ ಮಕ್ಕಳು ಅದನ್ನು ನುಂಗಿಬಿಡುತ್ತಾರೆ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಕಾರ್ಯಾಗಾರಕ್ಕೆ ಬರುವ ಮಗು ನುಂಗದಿರಬಹುದು, ಮನೆಯಲ್ಲಿರುವ ಅದರ ತಂಗಿಯ ಬಗ್ಗೆ ಏನು ಹೇಳುತ್ತೀ ಎಂದರು. ಮೂರು ಸೆಲ್ ಪಟ್ಟಿಯಲ್ಲೇ ಉಳಿದವು.

ಮುಂದೆ ರೆಸಿಸ್ಟರ್ ಮೇಲೆ ಗೆರೆ ಎಳೆದೆ. ಸರ್ ಏನೂ ಹೇಳದೆ ಒಂದು ಕೆಂಪು ಎಲ್‌ಇಡಿಯನ್ನು ನೇರವಾಗಿ ಮೂರು ಸೆಲ್ಲಿಗೆ ಮುಟ್ಟಿಸಿದರು. ಅದು ಜೋರಾಗಿ ಉರಿಯಿತು, ಬಣ್ಣ ಕಿತ್ತಳೆಗೆ ತಿರುಗಿತು, ಆಮೇಲೆ ಸತ್ತಿತು. ಒಂದು ರೂಪಾಯಿ ಉಳಿಸಲು ಹೋಗಿ ಎರಡು ರೂಪಾಯಿಯ ಎಲ್‌ಇಡಿ ಕಳೆದೆ. ಲೆಕ್ಕವನ್ನು ಆಗ ನನ್ನಿಂದಲೇ ಮಾಡಿಸಿದರು. ಮೂರು ಸೆಲ್ ಸೇರಿದರೆ 4.5 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 2.5 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ 0.011 ಆಂಪಿಯರ್, ಅಂದರೆ 11 ಮಿಲಿ ಆಂಪಿಯರ್. ಇಂಥ ಎಲ್‌ಇಡಿ ತಾಳುವುದು 20. ಹಾಗಾಗಿ ಕೆಂಪು, ಕೆಂಪು, ಕಂದು ಪಟ್ಟೆಯ 220 ಓಮ್ ರೆಸಿಸ್ಟರ್ ಪ್ರತಿ ಕಿಟ್ಟಿನಲ್ಲೂ ಇರಲೇಬೇಕು. ಕೊನೆಗೆ ಒಂದು ಕಿಟ್ಟಿಗೆ 105 ರೂಪಾಯಿ ಬಿತ್ತು. ಮೂರು ಸೆಲ್, ಹೋಲ್ಡರ್, ಎರಡು ಎಲ್‌ಇಡಿ, ಎರಡು ರೆಸಿಸ್ಟರ್, ಒಂದು ಟ್ರಾನ್ಸಿಸ್ಟರ್, ಎರಡೂ ತುದಿಗೆ ಕ್ಲಿಪ್ ಇರುವ ಐದು ವೈರ್, ಇವನ್ನೆಲ್ಲ ಹರಡಿಕೊಳ್ಳಲು ಒಂದು ರಟ್ಟು. ಬೆಸುಗೆ ಹಾಕುವ ಐರನ್ ಬೇಡ ಎಂಬುದಕ್ಕೆ ಯಾರೂ ವಾದ ಮಾಡಲಿಲ್ಲ. ಅದರ ತುದಿ 300 ಡಿಗ್ರಿ ದಾಟುತ್ತದೆ, ನಾವಿರುವುದು ಆರು ಜನ.

ಮಕ್ಕಳಿಗೆ ವಿವರಿಸುವ ಕೆಲಸದಲ್ಲೂ ನನಗೊಂದು ಪಾಲು ಬಂತು. ಮನೆಯಲ್ಲಿ ನಾವು ಮಾತನಾಡುವುದು ಉರ್ದು, ಅದರಿಂದ ಮೊದಲು ಅಮ್ಮಿಗೆ ಉರ್ದುವಿನಲ್ಲಿ ಹೇಳಿ ನೋಡಿದೆ. ವೋಲ್ಟೇಜ್ ಅಂದರೆ ಮಾಳಿಗೆಯ ಮೇಲಿನ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎನ್ನುವುದು, ಕರೆಂಟ್ ಅಂದರೆ ಪೈಪಿನಲ್ಲಿ ಹರಿಯುವ ನೀರು, ರೆಸಿಸ್ಟರ್ ಅಂದರೆ ಅರ್ಧ ತಿರುಗಿಸಿದ ನಲ್ಲಿ. ಅಮ್ಮಿ ಅಕ್ಕಿ ಆರಿಸುತ್ತಲೇ ಕೇಳಿದರು, "ಪೈಪ್ ಒಡೆದರೆ ನೀರು ಸುರಿಯುತ್ತದೆ. ವೈರ್ ಕಟ್ಟಾದರೆ ಕರೆಂಟ್ ಸುರಿಯುತ್ತದಾ?" ಇಲ್ಲ, ನಿಂತುಹೋಗುತ್ತದೆ. ನನ್ನ ಉಪಮೆ ಅಲ್ಲಿಗೆ ಮುಗಿಯಿತು. ಈಗ ಮಕ್ಕಳಿಗೆ ಹೇಳುವಾಗ ಟ್ಯಾಂಕಿನ ಕಥೆಯ ಜೊತೆಗೇ ಈ ಮಾತನ್ನೂ ಸೇರಿಸುತ್ತೇನೆ. ಕರೆಂಟಿಗೆ ಹೊರಟಲ್ಲಿಗೆ ಮರಳಿ ಬರುವ ದಾರಿ ಬೇಕು, ದಾರಿ ಕಡಿದರೆ ಅದು ಹೊರಡುವುದೇ ಇಲ್ಲ.

ಕಾರ್ಯಾಗಾರಕ್ಕೆ ಎರಡು ವಾರ ಮುಂಚೆ ನಮ್ಮ ಮನೆಯಲ್ಲೇ ಒಂದು ತಾಲೀಮು ನಡೆಸಿದೆವು. ನನ್ನ ತಮ್ಮ ಮತ್ತು ಬೀದಿಯ ಮೂವರು ಮಕ್ಕಳು. ಮೊದಲ ಗಂಟೆ ಸಲೀಸಾಗಿತ್ತು. ಸರ್ಕ್ಯೂಟಿನಲ್ಲಿ ಒಂದು ಕಡೆ ಬಿಡಿಸಿ ಆ ಎರಡು ತುದಿಗಳ ನಡುವೆ ಚಮಚ ಇಟ್ಟರು, ದೀಪ ಹತ್ತಿತು. ರಬ್ಬರ್, ಗಾಜಿನ ಬಳೆ, ಹತ್ತಲಿಲ್ಲ. ಬೆರಳು ಇಟ್ಟರೂ ಹತ್ತಲಿಲ್ಲ. ಆಮೇಲೆ ಟ್ರಾನ್ಸಿಸ್ಟರ್ ಜೋಡಿಸಿದೆವು. ಬಿ.ಸಿ. 547ರ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಕಾಲುಗಳನ್ನು ಅಗಲಿಸಿ ಕ್ಲಿಪ್ ಹಾಕಬೇಕು, ಇಲ್ಲದಿದ್ದರೆ ಕ್ಲಿಪ್ಪುಗಳು ಒಂದಕ್ಕೊಂದು ತಾಗುತ್ತವೆ. ಎಲ್‌ಇಡಿ ಕಲೆಕ್ಟರ್ ಕಡೆ, ಸೆಲ್ಲಿನ ಮೈನಸ್ ಎಮಿಟರಿಗೆ. ಬೇಸಿಗೆ ಎರಡನೇ ರೆಸಿಸ್ಟರ್, 10,000 ಓಮ್‌ನದು. ಮಕ್ಕಳು ಎರಡು ತುದಿಗಳನ್ನು ನೇರ ತಾಗಿಸಿಯೇ ತಾಗಿಸುತ್ತಾರೆ. ಈ ರೆಸಿಸ್ಟರ್ ಇಲ್ಲದಿದ್ದರೆ ಆಗ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಸುಟ್ಟದ್ದು ಗೊತ್ತಾಗುವುದು ಹೀಗೆ: ಯಾರೂ ಮುಟ್ಟದೆಯೂ ದೀಪ ಉರಿಯುತ್ತಲೇ ಇರುತ್ತದೆ, ಇಲ್ಲವೇ ಏನು ಮಾಡಿದರೂ ಉರಿಯುವುದಿಲ್ಲ.

ಈಗ ತಮ್ಮ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದ. ದೀಪ ಹತ್ತಿತು! ಮೈಯಲ್ಲಿ ಹಾಯುವ ಅತಿ ಸಣ್ಣ ಕರೆಂಟನ್ನು ಟ್ರಾನ್ಸಿಸ್ಟರ್ ನೂರಾರು ಪಟ್ಟು ಮಾಡಿ ಎಲ್‌ಇಡಿಗೆ ಕೊಡುತ್ತದೆ. ನಾಲ್ವರೂ ಕೈಕೈ ಹಿಡಿದು ಕಿಟಕಿ ಪರದೆ ಎಳೆದರು, ಮಸುಕಾಗಿಯಾದರೂ ಹತ್ತಿತು. ಕೈ ಒದ್ದೆ ಮಾಡಿಕೊಂಡರೆ ಇನ್ನೂ ಚೆನ್ನಾಗಿ ಹತ್ತಿತು. ನಾವು ಹುಡುಗಿಯರು ಕೂಡ ಕುಣಿದೆವು. ಚಹಾ ತರಲು ಒಳಗೆ ಹೋಗಿ ಬಂದಾಗ ತಮ್ಮ ಗೋಡೆಯ ಸಾಕೆಟ್ ಮುಂದೆ ಕೂತಿದ್ದ, ಒದ್ದೆ ಕೈಯಲ್ಲಿ ಎರಡು ವೈರ್. "ಆಪಾ, ನನ್ನಲ್ಲಿ ಕರೆಂಟ್ ಹರಿದರೂ ಏನೂ ಆಗಲಿಲ್ಲವಲ್ಲ. ಇಲ್ಲಿ ಹಾಕಿದರೆ ದೀಪ ಜೋರಾಗಿ ಹತ್ತುತ್ತಾ?"

ವೈರ್ ಕಿತ್ತುಕೊಂಡೆ. ಬೈಯಲು ಬಾಯಿ ಬರಲಿಲ್ಲ, ಅವನಿಗೆ ಆ ಯೋಚನೆ ಕಲಿಸಿದ್ದು ನಾವೇ.

ಮರುದಿನ ಸರ್ ಬೋರ್ಡಿನ ಮೇಲೆ ಎರಡು ಸಾಲು ಬರೆಸಿದರು. ಒಣ ಚರ್ಮದ ತಡೆ ಒಂದು ಲಕ್ಷ ಓಮ್ ಎಂದಿಟ್ಟುಕೊಂಡರೆ 4.5 ವೋಲ್ಟ್ ನೂಕುವುದು 0.045 ಮಿಲಿ ಆಂಪಿಯರ್. ಸಾಕೆಟ್ಟಿನಲ್ಲಿ 230 ವೋಲ್ಟ್, ಅಂದರೆ 51 ಪಟ್ಟು ಎತ್ತರದ ಟ್ಯಾಂಕ್. ಸಾಲದ್ದಕ್ಕೆ ಒದ್ದೆ ಕೈಯ ತಡೆ ಎರಡು ಸಾವಿರ ಓಮ್‌ಗೂ ಇಳಿಯಬಹುದು. ಆಗ 115 ಮಿಲಿ ಆಂಪಿಯರ್, ಹೃದಯದ ಬಡಿತ ಕೆಡಿಸಲು ಸಾಕು. ನಮ್ಮ ಸುರಕ್ಷತಾ ಹಾಳೆಯಲ್ಲಿ "ಸ್ವಿಚ್‌ಬೋರ್ಡ್ ಮುಟ್ಟಬೇಡಿ" ಎಂದು ಮೊದಲೇ ಇತ್ತು. ಆದರೆ ಮೈಯಲ್ಲಿ ಕರೆಂಟ್ ಹರಿಸಿ ನಕ್ಕ ಮಗುವಿಗೆ ಆ ಸಾಲು ಏಕೆ ಎಂದು ನಾವು ಎಲ್ಲೂ ಹೇಳಿರಲಿಲ್ಲ. ಈಗ ಕೈಕೈ ಹಿಡಿಯುವ ಆಟ ಮುಗಿದ ಕೂಡಲೇ, ದೀಪ ಇನ್ನೂ ಕಣ್ಣಲ್ಲಿರುವಾಗಲೇ, ಇದೇ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸುತ್ತೇವೆ. ಏಳನೇ ತರಗತಿಯವರಿಗೆ ಭಾಗಾಕಾರ ಬರುತ್ತದೆ. ಕೈ ಒದ್ದೆ ಮಾಡುವ ಭಾಗವನ್ನು ಮಾತ್ರ ತೆಗೆದುಹಾಕಿದೆವು. ಕೋಣೆಯ ಸಾಕೆಟ್ಟುಗಳಿಗೆಲ್ಲ ಟೇಪ್ ಹಚ್ಚಿ, ಪ್ರತಿ ಹತ್ತು ಮಕ್ಕಳಿಗೆ ನಮ್ಮಲ್ಲೊಬ್ಬರು ನಿಲ್ಲುವುದೆಂದಾಯಿತು. ಚಹಾ ತರಲು ಯಾರೂ ಹೋಗುವಂತಿಲ್ಲ.

ಉಳಿದದ್ದು ಒಂದೇ ಜಗಳ. ಕಿಟ್ ಮನೆಗೆ ಕೊಡಬೇಕೇ? ಗೆಳತಿ ಕೊಡಲೇಬೇಕು ಎಂದಳು, ಬರಿಗೈಲಿ ಹೋದ ಮಗು ಮೂರು ದಿನದಲ್ಲಿ ಮರೆಯುತ್ತದೆ ಎಂಬುದು ಅವಳ ವಾದ. ಅದು ಸುಳ್ಳಲ್ಲ. ನಾನು ವೈರ್ ಮಾತ್ರ ಕೊಡುವುದಿಲ್ಲ ಎಂದೆ. ಈಗ ರಟ್ಟು, ಸೆಲ್, ರೆಸಿಸ್ಟರ್ ಬಿಗಿದು ಸುತ್ತಿದ ಎಲ್‌ಇಡಿ ಮಕ್ಕಳ ಜೊತೆ ಹೋಗುತ್ತವೆ. ಐದು ಗುಣಿಸು ಇಪ್ಪತ್ತು, ನೂರು ವೈರ್. ಸಂಜೆ ಬಾಗಿಲ ಬಳಿ ಪುಸ್ತಕ ಹಿಡಿದು ನಿಂತು ಅವನ್ನು ಎಣಿಸಿ ತೆಗೆದುಕೊಳ್ಳುವವಳು ನಾನೇ.